ಮೈನಸ್ ಮೂವತ್ತಮೂರು

ಮೊದಲ ಏಟು ಕೆನ್ನೆಗೆ ಬಿತ್ತು. ಹೆಗಲ ಚೀಲ ಇಳಿಸುವಷ್ಟು ಪುರುಸೊತ್ತನ್ನೂ ಮನೆ ಯಜಮಾನನಾದ ಗುತ್ತಿಗೆದಾರ ಕೊಡಲಿಲ್ಲ.

“ದಿನಾ ಹತ್ತು ಗಂಟೆಗೆ ಲೈನು ಹೋಗುತ್ತೆ, ಹನ್ನೆರಡಕ್ಕೆ ಬರುತ್ತೆ! ನನ್ನ ಮನೆ ನನಗೇ ಕಾಣಲ್ಲ ಅಂದ್ರೆ ಏನೋ ಅರ್ಥ?”

ಏಟು ತಿಂದವನು ಇಂಟರ್ನೆಟ್ ಕಂಪನಿಯ ಫೈಬರ್ ಲೈನ್‌ಮನ್. ಕೇಬಲ್ಲಿನೊಳಗಿನ ಬೆಳಕು ಅಳೆಯುವ ಮೀಟರಿನ ಅಂಕಿಗಳು ಮೈನಸ್ಸಿನಲ್ಲೇ ಇರುತ್ತವೆ, ಇವನ ಬಾಯಲ್ಲೂ ಸದಾ ಅವೇ. ಹಾಗಾಗಿ ಜೊತೆಗಾರರು ಅವನನ್ನು ಮೈನಸ್ ಎಂದೇ ಕರೆಯುತ್ತಿದ್ದರು. ನಾಲ್ಕು ದಿನದಿಂದ ಮಧ್ಯಾಹ್ನ ಬಂದು, ಎಲ್ಲ ಸರಿಯಿದೆ ಎಂದು ಬರೆದು ಹೋಗಿದ್ದ. ಇವತ್ತು ಹಜಾರದ ಕ್ಯಾಮೆರಾ ಕಣ್ಣು ಮುಚ್ಚಿದ ಕೂಡಲೇ ಗುತ್ತಿಗೆದಾರ ಕೆಲಸದ ಜಾಗದಿಂದ ಓಡಿಬಂದು, ಅವನನ್ನೂ ದಾರಿಯಲ್ಲೇ ಹಿಡಿದು ತಂದಿದ್ದ. ಆ ಕ್ಯಾಮೆರಾ ಇದ್ದದ್ದು ಕಳ್ಳರಿಗಾಗಿ ಅಲ್ಲ, ಹೆಂಡತಿಗಾಗಿ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಣಿಕಟ್ಟು ಊದಿ ನೀಲಿಯಾಗಿತ್ತು.

ಮನೆಗೆ ಇಂಟರ್ನೆಟ್ ಕೊಡುವ ಟರ್ಮಿನಲ್‌ನಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಮೈನಸ್ ಮೊದಲು ಗೋಡೆಯ ಪೆಟ್ಟಿಗೆಯಲ್ಲಿ ಬೆಳಕು ಅಳೆದ: ಮೈನಸ್ ಹತ್ತೊಂಬತ್ತು. ಚಿನ್ನದಂಥ ಅಂಕಿ. ಅಲ್ಲಿಂದ ಟರ್ಮಿನಲ್‌ಗೆ ಹೋಗುವ ಎರಡು ಮೀಟರ್ ಉದ್ದದ ತೆಳು ಕೇಬಲ್ಲಿನ, ಅಂದರೆ ಪ್ಯಾಚ್ ಕಾರ್ಡಿನ, ತುದಿಯಲ್ಲಿ ಅಳೆದ: ಮೈನಸ್ ಮೂವತ್ತಮೂರು. ಇಪ್ಪತ್ತೇಳು ದಾಟಿದರೇ ಟರ್ಮಿನಲ್ ಕೈಚೆಲ್ಲುತ್ತದೆ. ತುದಿಗಳನ್ನು ಕ್ಲೀನರ್ ಪೆನ್ನಿನಿಂದ ಒರೆಸಿದ. ಮೂವತ್ತೆರಡು. ಧೂಳು ತಿಂದದ್ದು ಒಂದೇ ಒಂದು. ಉಳಿದ ಹದಿಮೂರನ್ನು ನುಂಗಿದ್ದು ಬೇರೇನೋ.

ಕಾರ್ಡಿನ ಗುಂಟ ಕೈಯಾಡಿಸುತ್ತ ಬೀರುವಿನ ಹಿಂದೆ ತಲುಪಿದ. ಬೆರಳಿಗೆ ಸಿಕ್ಕಿದ್ದು ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪು. ಕಾರ್ಡನ್ನು ಸಣ್ಣ ಉಂಗುರ ಮಾಡಿ, ಒಳಗಿನ ಗಾಜಿನ ಎಳೆ ಮುರಿಯದ ಹಾಗೆ ಅದರಲ್ಲಿ ಕಚ್ಚಿಸಿಡಲಾಗಿತ್ತು. ಅಷ್ಟು ಬಿಗಿಯಾದ ತಿರುವಿನಲ್ಲಿ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಅವನ ಭುಜ ತಗುಲಿ ಬೀರುವಿನ ಬಾಗಿಲು ಅಂಗೈಯಗಲ ತೆರೆದುಕೊಂಡಿತು. ಮುಂದಿನ ಸಾಲಿನಲ್ಲಿ ಮಡಿಸಿದ ಸೀರೆಗಳು. ಅವುಗಳ ಹಿಂದೆ ಬರೀ ಖಾಲಿ.

ಕ್ಯಾಮೆರಾ ಕುರುಡಾದ ಹೊತ್ತಿನಲ್ಲಿ, ದಿನಕ್ಕೊಂದು ಚೀಲದಂತೆ, ಅವಳು ಮನೆ ಬಿಡುತ್ತಿದ್ದಾಳೆ. ಮೈನಸ್‌ಗೆ ಅರ್ಥವಾಯಿತು. ಕ್ಲಿಪ್ಪು ತೋರಿಸಿದರೆ ಅವನು ಬಚಾವು; ಅವಳು ಇವತ್ತೇ ಮುಗಿದಳು. ಅವಳು ಕೈಮುಗಿಯಲೂ ಇಲ್ಲ, ಬರೀ ಕ್ಲಿಪ್ಪು ಬಿಚ್ಚಿ ಹಿಡಿದ ಅವನ ಮುಷ್ಟಿಯನ್ನೇ ನೋಡುತ್ತಿದ್ದಳು.

ಬಾಗಿಲು ಮುಚ್ಚಿ, ಕ್ಲಿಪ್ಪನ್ನು ಜೇಬಿಗಿಳಿಸಿದ. “ಧೂಳು ಸಾರ್. ಈಗ ನೋಡಿ, ಹತ್ತೊಂಬತ್ತಕ್ಕೆ ಬಂತು. ಮೊದಲೇ ಒರೆಸಬೇಕಿತ್ತು. ನನ್ನದೇ ತಪ್ಪು.”

“ಧೂಳಾ? ಧೂಳಿಗೆ ನಾಲ್ಕು ದಿನ ನನ್ನ ಕುರುಡು ಮಾಡಿದ್ಯಾ?”

ಕೂದಲು ಹಿಡಿದು ಹಣೆಯನ್ನು ಬೀರುವಿನ ಅಂಚಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ರಕ್ತ ರೆಪ್ಪೆಯ ಮೇಲೆ ಇಳಿಯಿತು. ಮೈನಸ್ ಹಲ್ಲು ಕಚ್ಚಿಕೊಂಡು, ಅಡುಗೆಮನೆಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದ: “ಬೀದಿ ಪೆಟ್ಟಿಗೆಯಲ್ಲೂ ಧೂಳಿದೆ ಸಾರ್. ನಾಳೆ ಹತ್ತರಿಂದ ಒಂದರವರೆಗೆ ಲೈನ್ ಇರಲ್ಲ. ಆಮೇಲೆ ಯಾವತ್ತೂ ಹೋಗಲ್ಲ.”

ಮರುದಿನ ಹತ್ತಕ್ಕೆ ಬೀದಿ ಪೆಟ್ಟಿಗೆ ತೆರೆದ. ಆ ಮನೆಯ ಕಾರ್ಡನ್ನು ಕಿತ್ತರೂ ಸಾಕಿತ್ತು, ಆದರೆ ತೆರೆದ ತುದಿಗೆ ಧೂಳು ಕೂರುವುದನ್ನು ಅವನ ಕೈ ಸಹಿಸುವುದಿಲ್ಲ. ಉಂಗುರ ಮಾಡಿ ಅದೇ ನೀಲಿ ಕ್ಲಿಪ್ಪು ಕಚ್ಚಿಸಿದ. ಹತ್ತೂಕಾಲಿಗೆ ಅವಳು ಕೊನೆಯ ಚೀಲ ಹಿಡಿದು ಹೊರಬಂದಳು. ಪೆಟ್ಟಿಗೆಯ ಬಳಿ ಒಂದು ಕ್ಷಣ ನಿಂತಳು.

“ಹಣೆ ನೋಯ್ತಿದೆಯಾ ಅಣ್ಣ?”

“ನೀವು ಹೊರಡಿ ಅಕ್ಕ. ತಿರುಗಿ ನೋಡಬೇಡಿ.”

ಹನ್ನೊಂದೂವರೆಗೆ ಬೈಕು ಬಂದು ನಿಂತಿತು. ಗುತ್ತಿಗೆದಾರನಿಗೆ ಒಂದು ಗಂಟೆಯವರೆಗೆ ತಾಳ್ಮೆ ಎಲ್ಲಿಂದ ಬರಬೇಕು? ಪೆಟ್ಟಿಗೆಯೊಳಗೆ ಇಣುಕಿದ. ತನ್ನ ಹಿತ್ತಿಲ ಹಗ್ಗದ ಕ್ಲಿಪ್ಪು ಅವನಿಗೆ ಗುರುತು ಸಿಕ್ಕಿತು.

ಹೆಲ್ಮೆಟ್ಟಿನ ಏಟಿಗೆ ಮೈನಸ್‌ನ ಎರಡು ಹಲ್ಲು ಹೋದವು. ನೆಲಕ್ಕೆ ಬಿದ್ದವನ ಪಕ್ಕೆಗೆ ಒದೆಗಳು ಬಿದ್ದವು. “ತೆಗಿಯೋ ಅದನ್ನ! ನನ್ನ ಮನೆ ತೋರಿಸೋ!”

ಮೈನಸ್ ಗೋಡೆ ಹಿಡಿದು ಎದ್ದ. ಕ್ಲಿಪ್ಪು ತೆಗೆದು, ಕಾರ್ಡನ್ನು ಅಗಲವಾಗಿ ಸುತ್ತಿಟ್ಟ. ಬಾಯಿ ತುಂಬ ರಕ್ತ, ಆದರೂ ನಗು ಬಂತು.

“ಎರಡು ನಿಮಿಷ ತಾಳಿ ಸಾರ್. ಈಗ ಚೆನ್ನಾಗಿ ಕಾಣುತ್ತೆ.”

ಗುತ್ತಿಗೆದಾರನ ಫೋನಿನಲ್ಲಿ ಹಜಾರ ಮೂಡಿತು, ಒಂದು ಚೂರೂ ಮಸುಕಿಲ್ಲದೆ. ಬೀರುವಿನ ಎರಡೂ ಬಾಗಿಲು ತೆರೆದಿದ್ದವು. ಒಳಗೆ ಒಂದು ಎಳೆ ಬಟ್ಟೆಯೂ ಇರಲಿಲ್ಲ.