ಇಪ್ಪತ್ತೇಳನೇ ನಂಬರಿನ ಬಾಗಿಲು

ಬ್ಯಾಂಕಿನಲ್ಲಿ ಖಾತೆ ತೆರೆಯಲು ಅರ್ಜಿ ಹಾಕಿದವರು ತಾವು ಬರೆದುಕೊಟ್ಟ ವಿಳಾಸದಲ್ಲಿ ನಿಜಕ್ಕೂ ಇದ್ದಾರೋ ಇಲ್ಲವೋ ಎಂದು ಮನೆಗೇ ಹೋಗಿ ನೋಡಿ ಬರುವುದು ನನ್ನ ಕೆಲಸ. ಜನ ನನ್ನನ್ನು ಸಾಲ ವಸೂಲಿಯವಳೆಂದುಕೊಂಡು ಕದ ಹಾಕಿಕೊಳ್ಳುತ್ತಾರೆ, ಇಲ್ಲವೇ ಸೋಪು ಮಾರುವವಳೆಂದುಕೊಂಡು ಬೇಡ ಎನ್ನುತ್ತಾರೆ. ಎರಡೂ ಅಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಹೀಗಾಗಿ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು.

ಆ ದಿನ ಬಂದದ್ದು ಒಬ್ಬ ಹೆಂಗಸಿನ ಅರ್ಜಿ. ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕಡೆ ಅವಳಿಗೆ ಕೆಲಸ ಸಿಕ್ಕಿತ್ತು. ಸಂಬಳ ಅವಳದೇ ಹೆಸರಿನ ಖಾತೆಗೆ ಹೋಗಬೇಕೆಂಬುದು ಅಲ್ಲಿಯ ನಿಯಮ. ಶನಿವಾರದೊಳಗೆ ಖಾತೆ ನಂಬರ್ ಕೊಡದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಆವತ್ತು ಗುರುವಾರ. ವಿಳಾಸಕ್ಕೆ ಪುರಾವೆಯಾಗಿ ಕರೆಂಟ್ ಬಿಲ್ಲು ಕೊಟ್ಟಿದ್ದಳು. ಬಿಲ್ಲು ಅವಳ ಹೆಸರಿನಲ್ಲೇ ಇತ್ತು, ಮನೆ ನಂಬರ್ ಇಪ್ಪತ್ತೇಳು. ಇಷ್ಟು ನೇರವಾದ ಕೆಲಸ ಅಪರೂಪ ಎಂದುಕೊಂಡು ಸ್ಕೂಟರ್ ಹತ್ತಿದೆ.

ಮರದ ಡಿಪೋದ ಹಿಂದಿನ ಗಲ್ಲಿ. ಇಪ್ಪತ್ತೇಳು ಎಂದು ಬರೆದ ನೀಲಿ ತಗಡು ಕಣ್ಣಿಗೆ ಹೊಡೆಯುವ ಹಾಗೆ ಒಂದು ಬಾಗಿಲ ಮೇಲಿತ್ತು. ಬಾಗಿಲೂ ಅಂಥದ್ದೇ. ದಪ್ಪ ಮರ, ಅಂಚಿಗೆಲ್ಲ ಬಳ್ಳಿಯ ಕೆತ್ತನೆ. ಅಷ್ಟು ಸಣ್ಣ ಮನೆಗೆ ಅಷ್ಟು ದೊಡ್ಡ ಬಾಗಿಲು ಯಾಕೋ ಎಂದು ಅನ್ನಿಸದೆ ಇರಲಿಲ್ಲ. ಚಿಲಕ ಬಡಿದೆ. ಒದ್ದೆ ಕೈ ಒರೆಸಿಕೊಳ್ಳುತ್ತಾ ಒಬ್ಬಾಕೆ ಬಂದಳು. ಅರ್ಜಿಯಲ್ಲಿದ್ದ ಹೆಸರು ಹೇಳಿದೆ.

"ಇಲ್ಲಿ ಆ ಹೆಸರಿನವರು ಯಾರೂ ಇಲ್ಲ" ಎಂದಳು.

"ಬಿಲ್ಲಲ್ಲಿ ಇದೇ ನಂಬರ್ ಇದೆಯಲ್ಲಮ್ಮ?"

"ಬಿಲ್ಲಲ್ಲಿ ಏನು ಬೇಕಾದ್ರೂ ಇರಲಿ. ನಮ್ಮನೇಲಿ ಇಲ್ಲ ಅಂದ್ರೆ ಇಲ್ಲ."

ಬಾಗಿಲು ಮುಚ್ಚಿತು. ನಾನು ಪೆನ್ನು ತೆಗೆದು 'ಈ ವಿಳಾಸದಲ್ಲಿ ವಾಸವಿಲ್ಲ' ಎಂಬ ಕಡೆ ಗುರುತು ಹಾಕಲು ಹೋದೆ. ಆ ಗುರುತು ಬಿದ್ದರೆ ಅರ್ಜಿ ವಾಪಸ್, ಮತ್ತೆ ಮೊದಲಿನಿಂದ ಶುರು. ಶನಿವಾರವಂತೂ ಕೈತಪ್ಪಿದಂತೆಯೇ. ಕೈ ಬರಲಿಲ್ಲ. ಅರ್ಜಿದಾರಳಿಗೆ ಫೋನ್ ಮಾಡಿದೆ.

"ಎಲ್ಲಿದ್ದೀರಮ್ಮಾ?"

"ಮನೇಲೇ ಇದ್ದೀನಿ ಮೇಡಂ. ಬೆಳಗ್ಗೆಯಿಂದ ನಿಮ್ಮ ದಾರೀನೇ ನೋಡ್ತಿದ್ದೀನಿ. ನೀವೆಲ್ಲಿದ್ದೀರಿ?"

"ನಿಮ್ಮ ಮನೆ ಮುಂದೆ ನಿಂತಿದ್ದೀನಿ."

"ನನ್ನ ಮನೆ ಮುಂದೆ ನಾನೇ ನಿಂತಿದ್ದೀನಲ್ಲ ಮೇಡಂ, ನೀವು ಕಾಣ್ತಿಲ್ಲ."

ತಿರುಗಿ ನೋಡಿದರೆ ಪಕ್ಕದ ಮನೆಯ ಹೊಸ್ತಿಲಲ್ಲಿ ಒಬ್ಬಳು ಫೋನ್ ಕಿವಿಗಿಟ್ಟುಕೊಂಡು ಬೀದಿಯ ಆ ತುದಿಯನ್ನು ನೋಡುತ್ತಿದ್ದಾಳೆ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಅವಳ ಮನೆಗೆ ತಗಡಿನ ಬಾಗಿಲು, ಅದರ ಮೇಲೆ ನಂಬರೇ ಇಲ್ಲ. ನಾನು ಗಲ್ಲಿಯುದ್ದಕ್ಕೂ ನೋಡಿಕೊಂಡು ಬಂದೆ. ಇಪ್ಪತ್ತಾರು ಇತ್ತು, ಆಮೇಲೆ ಇವಳ ನಂಬರಿಲ್ಲದ ಮನೆ, ಆಮೇಲೆ ಇಪ್ಪತ್ತೇಳು, ಅದರಾಚೆ ಇಪ್ಪತ್ತೊಂಬತ್ತು. ಇಪ್ಪತ್ತೆಂಟು ಎಲ್ಲೂ ಇಲ್ಲ. ಮನೆಗಳೇನು ಎದ್ದು ನಡೆದಾಡುತ್ತವೆಯೇ? ನನ್ನ ತಲೆ ಕೆಟ್ಟು ಮೊಸರಾಯಿತು.

"ಇಪ್ಪತ್ತೆಂಟು ಯಾರು ನುಂಗಿದ್ರು?" ಎಂದು ಕೇಳಿಯೇಬಿಟ್ಟೆ.

ಜಗಲಿಯಲ್ಲಿ ಉಜ್ಜುಕೊರಡು ಹಿಡಿದು ಹಲಗೆ ನಯಮಾಡುತ್ತಿದ್ದ ಮುದುಕ ಕೆಲಸ ನಿಲ್ಲಿಸಿದ. ಅವಳ ಮಾವ. ಬಡಗಿ.

"ತಪ್ಪು ನಂದೇ ತಾಯಿ" ಎಂದ. "ಇದು, ಪಕ್ಕದ್ದು, ಎರಡೂ ಮನೆ ನಾನೇ ಕಟ್ಟಿಸಿದ್ದು. ಪಾಲು ಮಾಡೋವಾಗ ಇದು, ದೊಡ್ಡದು, ಕಿರಿಮಗನಿಗೆ ಹೋಯ್ತು. ಹಿರಿಯವನಿಗೆ ಚಿಕ್ಕದು ಬಂತಲ್ಲ ಅಂತ ಅವನ ಹೆಂಡ್ತಿಗೆ ಸಂಕಟ. ಸಮಾಧಾನಕ್ಕೆ ಅಂತ ಇಲ್ಲಿದ್ದ ಬಾಗಿಲು ಅವಳಿಗೆ ಕೊಟ್ಟೆ. ನಮ್ಮ ಮನೆತನದಲ್ಲಿ ಬಾಗಿಲಂದ್ರೆ ಬಂಗಾರ ಇದ್ದಂಗೆ. ಕೀಲು ಬಿಚ್ಚಿ ಅಲ್ಲಿ ಕೂರಿಸಿದ್ವಿ. ಅವರ ಹಳೇ ಬಾಗಿಲು ಗುಜರಿಗೆ ಹೋಯ್ತು."

"ನಂಬರ್ ಸಮೇತ?"

"ನಂಬರ್ ಯಾರು ನೋಡಿದ್ರು? ನಾವು ಕೆತ್ತನೆ ನೋಡಿದ್ವಿ."

ನಲವತ್ತು ವರ್ಷ ಮರದ ಕೆಲಸ ಮಾಡಿದವನಂತೆ. ಬಾಗಿಲ ಮೇಲೆ ಒಂದು ಗೀರು ಬಿದ್ದರೆ ಹೇಳಬಲ್ಲ, ಅದೇ ಬಾಗಿಲ ಮೇಲಿನ ಅಂಕಿ ಮಾತ್ರ ಕಣ್ಣಿಗೆ ಬಿದ್ದಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಜೊತೆಗೆ ಆ ಮುದುಕನ ಮೇಲೆ ಮರುಕವೂ ಬಂತು.

ಇನ್ನು ಇದೆಲ್ಲ ನಿಜವೇ ಎಂದು ನಾನು ನೋಡಬೇಕಿತ್ತು. ಗೋಡೆಯ ಮೇಲಿದ್ದ ಕರೆಂಟ್ ಮೀಟರಿನ ನಂಬರನ್ನು ಬಿಲ್ಲಿನ ಜೊತೆ ಹೋಲಿಸಿದೆ. ಅಂಕಿಗೆ ಅಂಕಿ ಸರಿಹೋಯಿತು. ಒಳಗೆ ಹಗ್ಗದ ಮೇಲೆ ಅವಳ ಸೀರೆ, ಮಗಳ ಶಾಲೆ ಚೀಲ, ಲಾರಿ ಓಡಿಸಿಕೊಂಡು ಊರೂರು ಸುತ್ತುವ ಗಂಡನ ಚಪ್ಪಲಿ. ವಾಸ ಇರುವುದು ಇಲ್ಲೇ, ಸಂಶಯವಿಲ್ಲ. ಆದರೆ ನನ್ನ ವರದಿಗೆ ಮನೆಯೂ ನಂಬರೂ ಒಟ್ಟಿಗೆ ಕಾಣುವ ಫೋಟೋ ಬೇಕು. ನಂಬರ್ ಪಕ್ಕದ ಮನೆಯಲ್ಲಿ.

"ಮೇಡಂ, ಹೇಗಾದ್ರೂ ಮಾಡಿ" ಎಂದಳು ಅವಳು. "ನನ್ನ ಕೈಗೆ ನಂದೇ ಅಂತ ಇದುವರೆಗೂ ಏನೂ ಬಂದಿಲ್ಲ."

"ಹೇಗಾದ್ರೂ ಮಾಡೋ ಹಾಗಿಲ್ಲಮ್ಮ. ಇದ್ದದ್ದು ಇದ್ದ ಹಾಗೇ ಬರೀಬೇಕು" ಎಂದೆ. ಹೇಳುವಾಗ ನನ್ನ ಮೇಲೇ ನನಗೆ ಬೇಸರವಾಯಿತು.

ಮುದುಕ ಸ್ಕ್ರೂಡ್ರೈವರ್ ತೆಗೆದುಕೊಂಡು ಹಿರಿಸೊಸೆಯ ಬಾಗಿಲಿಗೆ ಹೋದ. ಸದ್ದು ಕೇಳಿ ಅವಳು ಹೊರಗೆ ಬಂದಳು.

"ಮಾವಾ, ಬಾಗಿಲು ನಮ್ಮ ಪಾಲಿಗೆ ಬಂದದ್ದು. ಅದರ ಮೇಲಿರೋದೂ ನಮ್ಮದೇ."

"ಬಾಗಿಲು ನಾನು ಮಾಡಿದ್ದು, ಕೊಟ್ಟೆ. ನಂಬರ್ ನಾನು ಮಾಡಿದ್ದಲ್ಲಮ್ಮ. ಅದು ಮನೆದು."

"ನಿಮ್ಮ ಕರೆಂಟ್ ಬಿಲ್ಲಲ್ಲಿ ಎಷ್ಟಿದೆ?" ಎಂದು ನಾನು ಮಧ್ಯೆ ಬಾಯಿ ಹಾಕಿದೆ.

"ಇಪ್ಪತ್ತೆಂಟು" ಎಂದಳು. ಆಮೇಲೆ ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಅವಳ ಮುಖದಲ್ಲೂ ಗೊಂದಲ ಇಳಿಯಿತು. ನಾಳೆ ತನ್ನ ಮನೆಗೆ ಯಾರಾದರೂ ಹೀಗೆ ನೋಡಲು ಬಂದರೆ ತಾನೂ ಇಲ್ಲದವಳೇ ಆಗುತ್ತೇನೆಂದು ಹೊಳೆದಿರಬೇಕು. ಅಡ್ಡ ನಿಂತಿದ್ದವಳು ಪಕ್ಕಕ್ಕೆ ಸರಿದಳು.

ತಗಡಿನ ಬಾಗಿಲಿಗೆ ಸ್ಕ್ರೂ ಹಿಡಿಯಲಿಲ್ಲ. ಆದರೆ ಚೌಕಟ್ಟು ಹಳೆಯದೇ, ಅದನ್ನು ಯಾರೂ ಪಾಲು ಕೇಳಿರಲಿಲ್ಲ. ಮುದುಕ ಅದರ ಮೇಲೆ ನಂಬರಿನ ತಗಡನ್ನು ಕೂರಿಸಿದ, ಹಿಂದೆ ಸರಿದು ನೆಟ್ಟಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದ. ನಾನು ಫೋಟೋ ತೆಗೆದೆ. ನಂಬರ್ ಸರಿದಾಡಿದ ಕಥೆಯನ್ನೂ ವರದಿಯಲ್ಲಿ ಬರೆದೆ. ಕೊನೆಯದು ನೆರೆಯವರ ಸಾಕ್ಷಿ.

ಹತ್ತಿರ ಇದ್ದವಳು ಹಿರಿಸೊಸೆಯೇ. ಅವಳನ್ನೇ ಕೇಳಿದೆ: "ಇವರನ್ನ ನಿಮಗೆ ಗೊತ್ತಾ?"

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿದಳು. ಪಾಲಾದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು.

"ಗೊತ್ತಿಲ್ದೆ ಏನು" ಎಂದಳು. "ನನ್ನ ತಂಗಿ."

ನಾನು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದೆ. ನಂಬರಿನ ಗಡಿಬಿಡಿಯಲ್ಲಿ ಇವರಿಬ್ಬರೂ ಓರಗಿತ್ತಿಯರೆಂಬುದೇ ನನಗೆ ಮರೆತುಹೋಗಿತ್ತು. "ಹಾಗಾದ್ರೆ ನಿಮ್ಮ ಸಾಕ್ಷಿ ನಡೆಯಲ್ಲಮ್ಮ. ನಮ್ಮಲ್ಲಿ ಸಂಬಂಧಿಕರದ್ದು ತಗೊಳ್ಳಲ್ಲ."

ಕಿರಿಯವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹಿರಿಯವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ಬೀದಿಗಿಳಿದಳು. ಎದುರಿನ ಸೈಕಲ್ ರಿಪೇರಿಯವನನ್ನು ಕೂಗಿದಳು, ಗಲ್ಲಿಯೆಲ್ಲ ಕೇಳುವ ಹಾಗೆ:

"ರೀ, ಕೈ ತೊಳ್ಕೊಂಡು ಬನ್ನಿ ಬೇಗ! ಇಪ್ಪತ್ತೇಳನೇ ಮನೆಯವಳು ಇಲ್ಲೇ ಇರೋದು ಅಂತ ಹೇಳಬೇಕಂತೆ!"