ಹತ್ತನೆಯ ಪೈಪು

ಇಂಟರ್ನ್ ಹುಡುಗಿಯ ಲಾಗ್‌ಬುಕ್‌ನಲ್ಲಿ ಮೂತ್ರದ ಪೈಪು ಹಾಕಿದ ದಾಖಲೆ ಒಂಬತ್ತಕ್ಕೆ ನಿಂತಿತ್ತು. ಹತ್ತಾಗದೆ ಸಹಿ ಇಲ್ಲ, ಪೋಸ್ಟಿಂಗ್ ಮುಗಿಯಲು ಉಳಿದದ್ದು ಒಂದೇ ವಾರ. ನ್ಯುಮೋನಿಯಾ ಎಂದು ಸೇರಿದ್ದ ಮುದುಕ ದರ್ಜಿ ತಾನೇ ಎದ್ದು ಶೌಚಾಲಯಕ್ಕೆ ಹೋಗಿಬರುತ್ತಿದ್ದ. ಆದರೂ ಅವಳು, "ಸುಮ್ನೆ ಯಾಕಜ್ಜಾ ಓಡಾಡ್ತೀರಾ?" ಎಂದು ಪುಸಲಾಯಿಸಿ ಪೈಪು ಹಾಕಿಯೇಬಿಟ್ಟಳು. ನೋವಿಗೆ ಹಲ್ಲು ಕಚ್ಚಿಕೊಂಡೇ ಅವನು, "ನಿಂಗೆ ಪುಣ್ಯ ಬರ್ಲಿ ತಾಯಿ," ಎಂದ.

ನಾಲ್ಕನೆಯ ದಿನ ಅದೇ ಹಾಸಿಗೆಯ ಮುಂದೆ ಕೇಸ್ ಒಪ್ಪಿಸುವ ಸರದಿ ಅವಳದು. ಇಳಿದಿದ್ದ ಜ್ವರ ಚಳಿಯ ಜೊತೆ ಮತ್ತೆ ಏರಿತ್ತು. ಪೈಪಿನ ಚೀಲದಲ್ಲಿ ಮೂತ್ರ ಕದಡಿ ಗಬ್ಬು ನಾರುತ್ತಿತ್ತು. ಅವಳು ಮಾತ್ರ ಕೆಮ್ಮು, ಕಫ, ಎಕ್ಸ್‌ರೇ ಎಂದು ಗಿಳಿಪಾಠ ಒಪ್ಪಿಸಿದಳು.

"ಪೈಪು ಯಾಕೆ ಹಾಕಿದ್ದು?" ರೌಂಡ್ಸಿಗೆ ಬಂದಿದ್ದ ಮುಖ್ಯ ವೈದ್ಯರು ಕೇಳಿದರು.

ಅವಳು ಪುಸ್ತಕವನ್ನು ಮುಂದೆ ಹಿಡಿದಳು. "ಸರ್... ಲಾಗ್‌ಬುಕ್‌ಗೆ ಒಂದು ಕಮ್ಮಿ ಇತ್ತು."

ಎಲ್ಲರೆದುರು ಬೈದು, ಪುಸ್ತಕವನ್ನು ಮುಖಕ್ಕೆಸೆಯಲಿ ಎಂದು ಕಾದಳು. ಆ ಮನುಷ್ಯ ನಕ್ಕುಬಿಟ್ಟರು!

"ಇವತ್ತೇ ತೆಗ್ದು, ಮೂತ್ರ ಕಲ್ಚರ್ ಟೆಸ್ಟ್‌ಗೆ ಕಳ್ಸಮ್ಮ. ಪೈಪಿಂದ ಬರೋ ಸೋಂಕಿನ ಕೇಸಿನ ಪುಟಾನೂ ಖಾಲಿ ಇದ್ಯಲ್ಲ? ಇದನ್ನೇ ಬರ್ಕೊ," ಎಂದು ಹತ್ತನೆಯ ಸಾಲಿಗೆ ಸಹಿ ಜಡಿದು ಮುಂದಿನ ಹಾಸಿಗೆಗೆ ನಡೆದರು.

"ಪಾಸಾದ್ಯಾ ತಾಯಿ?" ಅಜ್ಜ ಚಳಿಗೆ ನಡುಗುತ್ತಲೇ ಕೇಳಿದ.

ಅವಳಿಗೆ ತನ್ನ ಕೈಯನ್ನು ತಾನೇ ನೋಡಲು ಹೇಸಿಗೆಯಾಯಿತು. ಅದೇ ಕೈ ಆಗಲೇ ಖಾಲಿ ಪುಟ ತೆರೆದು, ಅಜ್ಜನ ವಯಸ್ಸು ಬರೆಯುತ್ತಿತ್ತು.