ಕುಣಿಗಲ್‌ನ ಅತ್ತೆ ಮನೆ

ಮಧ್ಯಾಹ್ನ ಎರಡೂವರೆ. ತುಮಕೂರಿನ ಮೆಡಿಕಲ್ ಕಾಲೇಜೊಂದರ ಸಮುದಾಯ ವೈದ್ಯಕೀಯ ವಿಭಾಗದಲ್ಲಿ, ಸ್ನಾತಕೋತ್ತರ ವಿದ್ಯಾರ್ಥಿನಿ ಇಂಪನಾಳ ಸಂಶೋಧನೆಯ ರೂಪರೇಷೆಯಾದ ಸಿನಾಪ್ಸಿಸ್‌ಗೆ ಗೈಡ್ ಡಾ. ಸೋಮಶೇಖರ್ ಸಹಿ ಹಾಕಲಿಲ್ಲ. ಸಲ್ಲಿಸಲು ಸಂಜೆ ಐದು ಗಂಟೆಯೇ ಗಡುವು. ತಪ್ಪಿದರೆ ಅವಳ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಗುತ್ತದೆ.

ತುಮಕೂರು ಜಿಲ್ಲೆಯ ಗರ್ಭಿಣಿಯರಲ್ಲಿ ರಕ್ತಹೀನತೆ ಎಷ್ಟಿದೆ ಎಂದು ತಿಳಿಯುವುದು ಅಧ್ಯಯನದ ಉದ್ದೇಶ. 'ವಿಧಾನ' ಎಂಬ ಭಾಗದಲ್ಲಿ ಅವಳು ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕು ಎಂದು ಬರೆದಿದ್ದಳು.

"ಇವೆರಡೇ ಯಾಕಮ್ಮ?"

"ಗುಬ್ಬಿ ಹತ್ರ ಸರ್. ಕುಣಿಗಲ್‌ನಲ್ಲಿ ನಮ್ಮತ್ತೆ ಮನೆ ಇದೆ."

"ಅತ್ತೆ ಮನೇನ ವಿಧಾನದಲ್ಲಿ ಹೆಂಗ್ ಬರೀತೀಯಾ? ಇಡೀ ಜಿಲ್ಲೆ ಅಂದ್ಮೇಲೆ ಹತ್ತು ತಾಲ್ಲೂಕಿಗೂ ಒಂದೇ ಸಮ ಚಾನ್ಸ್ ಬೇಡ್ವಾ? ಚೀಟಿ ಎತ್ತು."

ಅವಳು ಹತ್ತೂ ಹೆಸರು ಬರೆದು, ಮಡಚಿ, ತನ್ನ ಊಟದ ಡಬ್ಬಿಗೆ ಹಾಕಿದಳು. ಮೊದಲ ಚೀಟಿ ಗುಬ್ಬಿ. ಎರಡನೆಯದು ಜಿಲ್ಲೆಯ ಆ ತುದಿಯ ಪಾವಗಡ.

"ಇನ್ನೊಂದ್ಸಲ ಎತ್ಲಾ ಸರ್?"

"ಕುಣಿಗಲ್ ಬರೋವರ್ಗೂನಾ?"

ಅವಳು ಮಾಹಿತಿ ಸಂಗ್ರಹದ ಅವಧಿಗೆ ಎರಡು ತಿಂಗಳು ಸೇರಿಸಿದಳು. ಬಜೆಟ್‌ನಲ್ಲಿ ಪ್ರಯಾಣದ ಖರ್ಚು ದುಪ್ಪಟ್ಟಾಯಿತು. ಹಣದ ಮೂಲ ಎಂಬಲ್ಲಿ ಮೊದಲಿನಂತೆ 'ಸ್ವಂತ' ಎಂದೇ ಉಳಿಯಿತು.

ನಾಲ್ಕೂವರೆಗೆ ಸಹಿ ಬಿತ್ತು. ಸಿನಾಪ್ಸಿಸ್ ಸಲ್ಲಿಸಿ ಬಂದ ಮೇಲೆ ಅವಳು ಅತ್ತೆಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು.